ತಂಬ್‌ನೇಲ್ ಹೇಳಿದ್ದನ್ನೇ ಟೈಟಲ್ ಯಾಕೆ ಹೇಳ್ಬೇಕು?

ನಾವು ನಾಲ್ಕು ಜನ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ತಾಲ್ಲೂಕಿಗೊಬ್ಬರು. ಹಾಸ್ಟೆಲ್‌ನಲ್ಲಿ ಒಂದೇ ರೂಮು ಸಿಕ್ಕಿದ್ದು ಆಕಸ್ಮಿಕ. ರಜೆಗೆ ಊರಿಗೆ ಹೋದಾಗ ತೆಗೆದ ವಿಡಿಯೋಗಳನ್ನ ಸುಮ್ನೆ ಫೋನಲ್ಲಿ ಇಟ್ಕೊಳ್ಳೋ ಬದಲು ಒಂದು ಯೂಟ್ಯೂಬ್ ಚಾನಲ್ ಮಾಡೋಣ ಅಂತ ಮೊದಲ ವರ್ಷದಲ್ಲಿ ಶುರು ಮಾಡಿದ್ವಿ. ಎಡಿಟಿಂಗ್, ಮೈಕು, ಬೆಳಕು ಎಲ್ಲದಕ್ಕೂ ತಲೆ ಕೆಡಿಸಿಕೊಂಡ್ವಿ. ತಂಬ್‌ನೇಲ್ ಮತ್ತು ಟೈಟಲ್‌ಗೆ ಮಾತ್ರ ಅಪ್‌ಲೋಡ್ ಮಾಡೋ ರಾತ್ರಿ ಹತ್ತು ನಿಮಿಷ ಕೊಡ್ತಿದ್ವಿ. ಆ ಹತ್ತು ನಿಮಿಷದಿಂದ ಆದ ಒಂದು ಎಡವಟ್ಟು, ಅದರಿಂದ ನಾವು ಕಲಿತದ್ದು ಈ ಲೇಖನ.

ಮೊದಲ ದೊಡ್ಡ ವಿಡಿಯೋ ಹೊಗೆಸೊಪ್ಪಿಂದು. ನಮ್ಮ ನಾಲ್ಕೂ ತಾಲ್ಲೂಕಲ್ಲಿ ಸಿಗರೇಟಿಗೆ ಹೋಗೋ ವರ್ಜೀನಿಯಾ ತಂಬಾಕು ಬೆಳೀತಾರೆ. ಗಿಡದಿಂದ ಕಿತ್ತ ಹಸಿ ಎಲೆಯನ್ನ ಹಾಗೇ ಮಾರೋಕೆ ಆಗಲ್ಲ. ಕಡ್ಡಿಗೆ ಕಟ್ಟಿ, ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ಸಾಲು ಸಾಲಾಗಿ ಏರಿಸಿ, ಕೆಳಗೆ ಸೌದೆ ಉರಿಸಿ, ದೊಡ್ಡ ಪೈಪಿನ ಮೂಲಕ ಶಾಖ ಕೊಟ್ಟು ಬೇಯಿಸಬೇಕು. ಒಂದು ಸುತ್ತು ಮುಗಿಯೋಕೆ ಹಲವು ದಿನ ಬೇಕು, ಅಷ್ಟೂ ದಿನ ಹಗಲು ರಾತ್ರಿ ಒಬ್ಬರು ಒಲೆ ಕಾಯ್ತಾ ಇರಬೇಕು. ಪಿರಿಯಾಪಟ್ಟಣದ ಗೆಳೆಯನ ಚಿಕ್ಕಪ್ಪ ಹಾಗೆ ಕಾಯೋದನ್ನ ನಾವು ಎರಡು ರಾತ್ರಿ ಅವರ ಜೊತೆ ಕೂತು ಶೂಟ್ ಮಾಡಿದ್ವಿ.

ಒಂದೇ ಮಾತು, ಎರಡು ಸಲ

ಅಪ್‌ಲೋಡ್ ಮಾಡುವಾಗ ಟೈಟಲ್ ಹೀಗಿಟ್ವಿ: ‘ಹೊಗೆಸೊಪ್ಪು ಬೇಯಿಸೋದು ಹೇಗೆ?’ ತಂಬ್‌ನೇಲ್‌ನಲ್ಲಿ ಬ್ಯಾರನ್ ಫೋಟೋ ಹಾಕಿ, ಅದರ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಬರೆದದ್ದೂ ಅದೇ: ‘ಹೊಗೆಸೊಪ್ಪು ಬೇಯಿಸೋದು ಹೇಗೆ?’ ಎರಡು ಕಡೆ ಇದ್ರೆ ಎರಡು ಸಲ ಓದ್ತಾರೆ, ಗಟ್ಟಿಯಾಗಿ ನಾಟುತ್ತೆ ಅನ್ನೋದು ನಮ್ಮ ಲೆಕ್ಕ.

ಯಾರೂ ಎರಡು ಸಲ ಓದಲ್ಲ. ನೀವೇ ಫೋನ್ ತೆಗೆದು ಯೂಟ್ಯೂಬ್‌ನ ಹೋಮ್ ಪೇಜ್ ನಿಧಾನಕ್ಕೆ ಸ್ಕ್ರೋಲ್ ಮಾಡಿ ನೋಡಿ. ಮೊದಲು ಕಣ್ಣು ಹೋಗೋದು ಚಿತ್ರದ ಮೇಲೆ. ಅದರಲ್ಲಿ ಏನೋ ಹಿಡಿದು ನಿಲ್ಲಿಸಿದ್ರೆ ಚಿತ್ರದ ಮೇಲಿನ ಅಕ್ಷರ ಓದ್ತೀರಿ. ಆಮೇಲೆ ಕಣ್ಣು ಕೆಳಗಿಳಿದು ಟೈಟಲ್‌ಗೆ ಬರುತ್ತೆ. ಹಾಗೆ ಇಳಿದು ಬಂದವನಿಗೆ ಈಗಷ್ಟೇ ಓದಿದ್ದೇ ಮತ್ತೆ ಸಿಕ್ಕರೆ ಹೊಸದಾಗಿ ಏನೂ ಗೊತ್ತಾಗಲಿಲ್ಲ. ಬೆರಳು ಮೇಲಕ್ಕೆ ತಳ್ಳುತ್ತೆ, ವಿಡಿಯೋ ಹೋಯ್ತು. ನಮಗೆ ಸಿಕ್ಕಿದ್ದ ಎರಡು ಅವಕಾಶದಲ್ಲಿ ಒಂದನ್ನ ನಾವೇ ಖಾಲಿ ಬಿಟ್ಟಂಗೆ.

ಇದೇ ತಪ್ಪು ಇನ್ನೊಂದು ವೇಷದಲ್ಲೂ ಬರುತ್ತೆ, ಕನ್ನಡ ಚಾನಲ್‌ಗಳಲ್ಲಿ ಜಾಸ್ತಿ. ಟೈಟಲ್ ಇಂಗ್ಲಿಷಲ್ಲಿ `Tobacco curing process`, ತಂಬ್‌ನೇಲ್ ಕನ್ನಡದಲ್ಲಿ ‘ತಂಬಾಕು ಬೇಯಿಸುವ ವಿಧಾನ’. ಅಕ್ಷರ ಬೇರೆ ಅಂತ ಮಾತೂ ಬೇರೆ ಅನ್ನಿಸುತ್ತೆ. ಆದ್ರೆ ನೋಡೋರಲ್ಲಿ ಹೆಚ್ಚಿನವರಿಗೆ ಎರಡೂ ಓದೋಕೆ ಬರುತ್ತೆ. ಅವರಿಗೆ ಇದು ಒಂದೇ ಮಾತಿನ ಅನುವಾದ ಅಷ್ಟೆ.

ಯಾವ ಮಾತು ಎಲ್ಲಿಗೆ?

ಹಾಗಾದ್ರೆ ಯಾವುದನ್ನ ಎಲ್ಲಿ ಹಾಕೋದು? ನಾವು ಸುಮಾರು ದಿನ ತಡಕಾಡಿ ಕೊನೆಗೆ ಒಂದು ಸುಲಭದ ಸೂತ್ರಕ್ಕೆ ಬಂದ್ವಿ: ಜನ ಟೈಪ್ ಮಾಡೋ ಮಾತು ಟೈಟಲ್‌ಗೆ, ಯಾರೂ ಟೈಪ್ ಮಾಡದ ಆದ್ರೆ ಕೇಳಿದ್ರೆ ತಿರುಗಿ ನೋಡೋ ಮಾತು ತಂಬ್‌ನೇಲ್‌ಗೆ.

ಯೂಟ್ಯೂಬ್‌ನಲ್ಲಿ ವಿಡಿಯೋ ಸಿಗೋ ದಾರಿ ಮುಖ್ಯವಾಗಿ ಎರಡು. ಒಂದು, ಹುಡುಕೋದು. ಹುಡುಕುವವನು ಸರ್ಚ್ ಪಟ್ಟಿಯಲ್ಲಿ ‘ಹೊಗೆಸೊಪ್ಪು’, ‘ಬ್ಯಾರನ್’, ‘ಪಿರಿಯಾಪಟ್ಟಣ’ ಅಂತ ಏನೋ ಹೊಡೀತಾನೆ. ಆ ಪದಗಳು ಟೈಟಲ್ ಮತ್ತು ಡಿಸ್ಕ್ರಿಪ್ಷನ್‌ಗೆ ಎಷ್ಟು ಹೊಂದುತ್ತವೆ ಅನ್ನೋದನ್ನ ಯೂಟ್ಯೂಬ್ ನೋಡುತ್ತೆ. ಹಾಗಾಗಿ ವಸ್ತುವಿನ ಹೆಸರು, ಊರಿನ ಹೆಸರು, ಕೆಲಸದ ಹೆಸರು ಟೈಟಲ್‌ನಲ್ಲೇ ಇರಬೇಕು. ಅವನ್ನ ಫೋಟೋ ಮೇಲೆ ಬರೆದು ಟೈಟಲ್‌ನಲ್ಲಿ ಬಿಟ್ಟರೆ ಹುಡುಕಿದವನಿಗೆ ನಾವು ಸಿಗೋದು ಕಷ್ಟ.

ಎರಡನೇ ದಾರಿ, ಏನನ್ನೂ ಹುಡುಕದೆ ಸುಮ್ನೆ ಸ್ಕ್ರೋಲ್ ಮಾಡೋನ ಮುಂದೆ ನಮ್ಮ ವಿಡಿಯೋ ಬರೋದು. ಅವನಿಗೆ ಹೊಗೆಸೊಪ್ಪು ಬೇಕಾಗಿಲ್ಲ. ಅವನನ್ನ ನಿಲ್ಲಿಸಬೇಕಾದ್ದು ಚಿತ್ರ ಮತ್ತು ಅದರ ಮೇಲಿನ ಎರಡು ಮೂರು ಪದ. ಅಲ್ಲಿ ವಿಷಯದ ಹೆಸರು ಹೇಳಿ ಪ್ರಯೋಜನ ಇಲ್ಲ. ಒಬ್ಬರ ಮಾತು, ಒಂದು ಅಂಕಿ, ಒಂದು ಹೊತ್ತು, ಒಂದು ಬೇಡ ಅನ್ನೋ ಪದ, ಇಂಥದ್ದು ಏನಾದ್ರೂ ಇರಬೇಕು. ಅದನ್ನ ಓದಿದವನಿಗೆ ‘ಏನಿದು?’ ಅನ್ನಿಸಿ, ಕೆಳಗಿನ ಟೈಟಲ್ ಆ ‘ಏನಿದು’ಗೆ ಅರ್ಧ ಉತ್ತರ ಕೊಡಬೇಕು. ಉಳಿದರ್ಧ ವಿಡಿಯೋದಲ್ಲಿ.

ಸೂತ್ರ ಇಷ್ಟು ಸಲೀಸು. ಆದ್ರೆ ನಾವು ಅದರ ಎರಡನೇ ಭಾಗವನ್ನ ಮಾತ್ರ ಹಿಡಿದುಕೊಂಡು ಹಳ್ಳಕ್ಕೆ ಬಿದ್ವಿ.

‘ಬೆಂಕಿ ಬಿತ್ತಾ?’

ಮೊದಲ ತಂಬ್‌ನೇಲ್‌ಗೆ ಯಾರೂ ಬರ್ತಿಲ್ಲ ಅಂತ ಒಂದು ವಾರದ ಮೇಲೆ ಬದಲಾಯಿಸಿದ್ವಿ. ಟೈಟಲ್ ‘ಹೊಗೆಸೊಪ್ಪು ಬ್ಯಾರನ್‌ನಲ್ಲಿ ಒಂದು ರಾತ್ರಿ | ಪಿರಿಯಾಪಟ್ಟಣ’ ಅಂತ ಆಯ್ತು. ಒಲೆಯ ಬಾಯಿಂದ ಉರಿ ಹೊರಗೆ ಬರ್ತಿದ್ದ ಒಂದು ಫೋಟೋ ಇತ್ತು, ಅದನ್ನ ಹಾಕಿ ಮೇಲೆ ಕೆಂಪಲ್ಲಿ ಬರೆದ್ವಿ: ‘ಬೆಂಕಿ ಬಿತ್ತಾ?’

ಸೂತ್ರದ ಪ್ರಕಾರ ಸರಿಯಾಗೇ ಇದೆ ನೋಡಿ. ಒಂದು ಪದವೂ ಎರಡು ಸಲ ಬಂದಿಲ್ಲ. ಹುಡುಕೋ ಮಾತು ಟೈಟಲ್‌ನಲ್ಲಿದೆ, ನಿಲ್ಲಿಸೋ ಮಾತು ಚಿತ್ರದ ಮೇಲಿದೆ. ಎರಡನ್ನೂ ಸೇರಿಸಿ ಓದಿದ್ರೆ ಮಾತ್ರ ಒಂದು ಸುಳ್ಳು ಹುಟ್ಟುತ್ತೆ: ಪಿರಿಯಾಪಟ್ಟಣದ ಒಂದು ಬ್ಯಾರನ್ ಆ ರಾತ್ರಿ ಸುಟ್ಟು ಹೋಯ್ತು.

ಕ್ಲಿಕ್ ಏರಿತು. ನಾವು ಖುಷಿಯಾಗಿ ಮೆಸ್‌ನಲ್ಲಿ ಕೂತಿದ್ದಾಗ ಚಿಕ್ಕಪ್ಪನ ಫೋನ್ ಬಂತು.

“ಏನ್ರೋ ಮಕ್ಳಾ, ನನ್ ಬ್ಯಾರನ್‌ಗೆ ನೀವೇ ಬೆಂಕಿ ಹಚ್ಬುಟ್ರಲ್ಲ?”

ಮೊದಲು ತಮಾಷೆಗೆ ಅಂದ್ಕೊಂಡ್ವಿ. ಅಲ್ಲ. ವಿಡಿಯೋ ಪೂರ್ತಿ ನೋಡದೆ ಫೋಟೋವನ್ನಷ್ಟೇ ಯಾರೋ ಊರಿನ ಗ್ರೂಪಿಗೆ ಕಳಿಸಿದ್ರು. ಬ್ಯಾರನ್‌ಗೆ ಬೆಂಕಿ ಬೀಳೋದು ನಮ್ಮ ಕಡೆ ಗಾಳಿಮಾತಲ್ಲ, ಆಗೋ ವಿಷಯ. ಒಣಗಿದ ಎಲೆ ಒಂದೇ ಒಂದು ಕಾದ ಪೈಪಿನ ಮೇಲೆ ಬಿದ್ದರೂ ಸಾಕು. ಒಳಗಿರೋ ಸೊಪ್ಪೂ ಹೋಗುತ್ತೆ, ಸೂರೂ ಹೋಗುತ್ತೆ. ಹಾಗಾಗಿ ಜನ ನಂಬಿದ್ರು. ಮೈಸೂರಿಂದ ಅವರ ಅಕ್ಕ ಅಳ್ತಾ ಫೋನ್ ಮಾಡಿದ್ರಂತೆ. ಮುಂದಿನ ಸುತ್ತಿಗೆ ಇವರ ಬ್ಯಾರನ್‌ನಲ್ಲೇ ಸೊಪ್ಪು ಏರಿಸ್ತೀವಿ ಅಂದಿದ್ದ ಪಕ್ಕದ ಊರಿನ ಒಬ್ಬರು, ಕಿತ್ತ ಎಲೆ ಕಾಯೋಲ್ಲ ಅಂತ, ಒಂದು ಮಾತೂ ಕೇಳದೆ ಬೇರೆ ಕಡೆ ಏರಿಸಿಬಿಟ್ಟಿದ್ರು. ಅದರಿಂದ ಬರಬೇಕಿದ್ದ ದುಡ್ಡು ಚಿಕ್ಕಪ್ಪನಿಗೆ ಬರಲಿಲ್ಲ.

“ಪ್ರಶ್ನೆ ತಾನೇ ಕೇಳಿದ್ದು ಚಿಕ್ಕಪ್ಪ, ಬಿತ್ತು ಅಂತ ಹೇಳಿಲ್ವಲ್ಲ” ಅಂದ ನಮ್ಮಲ್ಲೊಬ್ಬ.

“ನಿನ್ ಮನೆ ಮುಂದೆ ನಿಂತ್ಕಂಡು, ಒಳಗೆ ಸತ್ತವ್ರಾ ಅಂತ ಕೂಗಿದ್ರೆ ಪ್ರಶ್ನೆ ಆಗದಾ ಅದು?” ಅಂದ್ರು ಅವರು.

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅವತ್ತೇ ರಾತ್ರಿ ತಂಬ್‌ನೇಲ್ ತೆಗೆದ್ವಿ. ಆಗಿದ್ದ ನಷ್ಟ ಹಿಂದಕ್ಕೆ ಬರಲಿಲ್ಲ.

ಆ ತಪ್ಪನ್ನ ಆಮೇಲೆ ಯೂಟ್ಯೂಬ್ ಸ್ಟುಡಿಯೋದಲ್ಲೂ ಕಂಡ್ವಿ. ಅಲ್ಲಿ ಪ್ರತಿ ವಿಡಿಯೋಗೂ ಒಂದು ಗ್ರಾಫ್ ಇರುತ್ತೆ, ಶುರುವಲ್ಲಿದ್ದ ಜನದಲ್ಲಿ ಎಷ್ಟು ಜನ ಯಾವ ಕ್ಷಣದವರೆಗೆ ಉಳಿದರು ಅಂತ ತೋರಿಸುತ್ತೆ. ಮೊದಲ 30 ಸೆಕೆಂಡ್ ದಾಟಿದವರು ಎಷ್ಟು ಅನ್ನೋದನ್ನ ಪ್ರತ್ಯೇಕವಾಗಿಯೂ ಹೇಳುತ್ತೆ. ‘ಬೆಂಕಿ ಬಿತ್ತಾ?’ ಇದ್ದ ದಿನಗಳಲ್ಲಿ ಆ ಗೆರೆ ಬಾವಿಗೆ ಬಿಟ್ಟ ಬಿಂದಿಗೆ ಥರ ನೇರ ಕೆಳಗೆ ಇಳಿದಿತ್ತು. ಸುಟ್ಟ ಬ್ಯಾರನ್ ನೋಡೋಕೆ ಬಂದವರು ಒಬ್ಬರು ಹಿರಿಯರು ನಿಧಾನಕ್ಕೆ ಸೌದೆ ತಳ್ಳೋದನ್ನ ನೋಡಿ ಎದ್ದು ಹೋಗಿದ್ರು. ಕ್ಲಿಕ್ ಏರಿ, ಮೊದಲ ಅರ್ಧ ನಿಮಿಷದಲ್ಲಿ ಉಳಿಯೋರು ಇಳಿದ್ರೆ, ತಂಬ್‌ನೇಲ್ ಮತ್ತು ಟೈಟಲ್ ಸೇರಿ ಕೊಟ್ಟ ಮಾತನ್ನ ವಿಡಿಯೋ ಉಳಿಸಿಕೊಂಡಿಲ್ಲ ಅಂತಲೇ ಅರ್ಥ.

ಯೂಟ್ಯೂಬ್‌ಗೂ ಇದು ತಲೆನೋವೇ. 2024ರ ಡಿಸೆಂಬರ್‌ನಲ್ಲಿ, ವಿಡಿಯೋದಲ್ಲಿ ಇಲ್ಲದ್ದನ್ನ ಟೈಟಲ್ ಅಥವಾ ತಂಬ್‌ನೇಲ್‌ನಲ್ಲಿ ಹೇಳೋ ಅತಿರೇಕದ ಕ್ಲಿಕ್‌ಬೇಟ್ ಮೇಲೆ ಭಾರತದಲ್ಲಿ ಕ್ರಮ ಬಿಗಿ ಮಾಡ್ತೀವಿ ಅಂತ ಅದು ಪ್ರಕಟಿಸಿತು. ಮುಖ್ಯವಾಗಿ ಬ್ರೇಕಿಂಗ್ ನ್ಯೂಸ್, ಪ್ರಚಲಿತ ವಿದ್ಯಮಾನದ ವಿಡಿಯೋಗಳ ಬಗ್ಗೆ. ನಮ್ಮದು ಅಷ್ಟು ದೊಡ್ಡ ಚಾನಲ್ ಅಲ್ಲ, ಯಾರೂ ಕೇಳ್ತಿರಲಿಲ್ಲ. ಆದ್ರೆ ಸೂತ್ರಕ್ಕೆ ಇನ್ನೊಂದು ಸಾಲು ಸೇರಿಸಲೇಬೇಕಾಯ್ತು: ತಂಬ್‌ನೇಲ್ ಮತ್ತು ಟೈಟಲ್ ಬೇರೆ ಬೇರೆಯಾಗಿ ನಿಜ ಇದ್ದರೆ ಸಾಲದು, ಎರಡನ್ನೂ ಸೇರಿಸಿ ಓದಿದಾಗ ಬರೋ ಅರ್ಥ ನಿಜ ಇರಬೇಕು.

‘ಇನ್ನೂ ಬೇಡ’

ಮೂರನೇ ಸಲ ನಾವು ವಿಡಿಯೋವನ್ನ ಮತ್ತೆ ಪೂರ್ತಿ ನೋಡಿದ್ವಿ. ಜನರನ್ನ ನಿಲ್ಲಿಸೋ ಮಾತನ್ನ ಹೊರಗಿಂದ ತರೋದು ಬೇಡ, ವಿಡಿಯೋ ಒಳಗೇ ಹುಡುಕೋಣ ಅಂತ.

ಹೊಗೆಸೊಪ್ಪು ಬೇಯಿಸೋದರಲ್ಲಿ ಇರೋ ಕಷ್ಟವೆಲ್ಲ ಶಾಖ ಏರಿಸೋ ಹೊತ್ತಿನದು. ಶುರುವಲ್ಲಿ ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಒಳಗೇ ಇಟ್ಟು ಎಲೆ ಹಳದಿ ತಿರುಗೋವರೆಗೂ ಕಾಯಬೇಕು. ಆಮೇಲೆ ಹಂತ ಹಂತವಾಗಿ ಏರಿಸ್ತಾ ಎಲೆ ಒಣಗಿಸಿ, ಕೊನೆಗೆ ಎಲೆಯ ನಡುವಿನ ದಪ್ಪ ನರ ಒಣಗೋಕೆ ಸುಮಾರು 160 ಡಿಗ್ರಿವರೆಗೆ ಒಯ್ಯಬೇಕು. ಆತುರಪಟ್ಟು ಬೇಗ ಏರಿಸಿದ್ರೆ ಎಲೆ ಹಸಿರಾಗೇ ಒಣಗಿಬಿಡುತ್ತೆ, ಆಮೇಲೆ ಏನು ಮಾಡಿದ್ರೂ ಹಳದಿ ಬರಲ್ಲ. ತಡ ಮಾಡಿದ್ರೆ ಕಂದು ತಿರುಗುತ್ತೆ. ಎರಡೂ ಹರಾಜಿನಲ್ಲಿ ಕಡಿಮೆ ರೇಟಿಗೆ ಹೋಗುತ್ತೆ. ಚಿಕ್ಕಪ್ಪ ರಾತ್ರಿಯೆಲ್ಲ ಎದ್ದು ಎದ್ದು ಟಾರ್ಚ್ ಬಿಟ್ಟು ಎಲೆ ನೋಡಿ, ಥರ್ಮಾಮೀಟರ್ ನೋಡಿ, ಪ್ರತಿ ಸಲ ಒಂದೇ ಮಾತು ಹೇಳ್ತಿದ್ರು: “ಇನ್ನೂ ಬೇಡ.” ವಿಡಿಯೋದಲ್ಲಿ ಆ ಮಾತು ಐದಾರು ಸಲ ಬರುತ್ತೆ. ಎಡಿಟ್ ಮಾಡುವಾಗ ನಮಗೆ ಅದು ಬೋರು ಅನ್ನಿಸಿತ್ತು.

ಹೊಸ ಜೋಡಿ ಹೀಗಾಯ್ತು. ಫೋಟೋದಲ್ಲಿ ಚಿಕ್ಕಪ್ಪ ಟಾರ್ಚ್ ಬೆಳಕಲ್ಲಿ ಅರ್ಧ ಹಸಿರು ಅರ್ಧ ಹಳದಿ ಎಲೆಯೊಂದನ್ನ ನೋಡ್ತಿದ್ದಾರೆ. ತಂಬ್‌ನೇಲ್ ಮೇಲೆ: ‘ಇನ್ನೂ ಬೇಡ’. ಟೈಟಲ್: ‘ಹೊಗೆಸೊಪ್ಪು ಬ್ಯಾರನ್: ಶಾಖ ಯಾವಾಗ ಏರಿಸ್ಬೇಕು? | ಪಿರಿಯಾಪಟ್ಟಣ’.

ಈಗ ಒಂದೊಂದನ್ನೇ ಮುಚ್ಚಿ ನೋಡಿ. ಟೈಟಲ್ ಮುಚ್ಚಿದ್ರೆ, ಯಾರೋ ಒಬ್ಬರು ಎಲೆ ನೋಡಿ ‘ಇನ್ನೂ ಬೇಡ’ ಅಂತಿದ್ದಾರೆ, ಏನು ಬೇಡ ಅಂತ ಗೊತ್ತಾಗಲ್ಲ. ತಂಬ್‌ನೇಲ್ ಮುಚ್ಚಿದ್ರೆ ಟೈಟಲ್ ಒಂದು ಸರಿಯಾದ ಕೃಷಿ ಪ್ರಶ್ನೆ, ಹುಡುಕಿದವನಿಗೆ ಸಾಕು, ಸ್ಕ್ರೋಲ್ ಮಾಡೋನಿಗೆ ಸಪ್ಪೆ. ಎರಡನ್ನೂ ಸೇರಿಸಿದ್ರೆ ಟೈಟಲ್ ಕೇಳುತ್ತೆ, ಚಿತ್ರದಲ್ಲಿರೋರು ಉತ್ತರ ಹೇಳ್ತಾರೆ. ಆದ್ರೆ ಆ ಉತ್ತರ ಪೂರ್ತಿ ಅಲ್ಲ. ಯಾಕೆ ಬೇಡ, ಮತ್ತೆ ಯಾವಾಗ ಅನ್ನೋದು ಉಳಿಯುತ್ತೆ. ಅದನ್ನ ತಿಳ್ಕೊಳ್ಳೋಕೆ ವಿಡಿಯೋನೇ ನೋಡಬೇಕು, ನೋಡಿದ್ರೆ ಸಿಗುತ್ತೆ ಕೂಡ.

ಇದು ನಮಗೆ ಈಗ ಪರೀಕ್ಷೆ ಆಗಿಬಿಟ್ಟಿದೆ. ಒಂದನ್ನ ಕೈಯಿಂದ ಮುಚ್ಚಿದಾಗ ಇನ್ನೊಂದಕ್ಕೆ ಏನೂ ಕಡಿಮೆಯಾಗದಿದ್ರೆ ಮುಚ್ಚಿದ್ದು ದಂಡ. ಹಳೇ ‘ಬೇಯಿಸೋದು ಹೇಗೆ’ ಜೋಡಿಯಲ್ಲಿ ಯಾವುದನ್ನ ಮುಚ್ಚಿದ್ರೂ ಏನೂ ಕಳೀತಿರಲಿಲ್ಲ.

ಚಿಕ್ಕಪ್ಪನಿಗೆ ಹೊಸದನ್ನ ಹಾಕೋಕೆ ಮುಂಚೆಯೇ ಕಳಿಸಿದ್ವಿ. ಈಗ ಯಾರ ಮುಖ ಹಾಕಿದ್ರೂ ಅವರಿಗೆ ಮೊದಲು ಕಳಿಸ್ತೀವಿ. “ಇದು ನಾನು ಅಂದಿದ್ದೇ, ಹಾಕ್ಕಳಿ” ಅಂದ್ರು.

ಅಕ್ಷರ ಎಷ್ಟು ಹಿಡಿಸುತ್ತೆ?

‘ಇನ್ನೂ ಬೇಡ’ ಚೆನ್ನಾಗಿ ಕೂತಿದ್ದಕ್ಕೆ ಇನ್ನೊಂದು ಕಾರಣ ಅದು ಬರೀ ನಾಲ್ಕು ಅಕ್ಷರ ಅನ್ನೋದು. ‘ತಂಬ್‌ನೇಲ್‌ನಲ್ಲಿ ಮೂರ್ನಾಲ್ಕು ಪದ ಇರಲಿ’ ಅಂತ ಇಂಗ್ಲಿಷ್ ವಿಡಿಯೋಗಳಲ್ಲಿ ಹೇಳೋ ಸಲಹೆ ಕನ್ನಡಕ್ಕೆ ಹಾಗೇ ಒಗ್ಗಲ್ಲ. ನಮ್ಮಲ್ಲಿ ವಿಭಕ್ತಿ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತೆ. ‘ಪಿರಿಯಾಪಟ್ಟಣದವರಿಗೂ’ ಅನ್ನೋದು ಒಂದೇ ಪದ, ಆದ್ರೆ ಅದೊಂದೇ ಇಡೀ ಸಾಲು ತಿನ್ನುತ್ತೆ. ಹಾಗಾಗಿ ನಾವು ಪದ ಎಣಿಸಲ್ಲ, ಅಕ್ಷರ ಎಣಿಸ್ತೀವಿ. ಎಂಟು ಹತ್ತು ದಾಟಿದ್ರೆ ಬೇರೆ ಮಾತು ಹುಡುಕ್ತೀವಿ.

ತಂಬ್‌ನೇಲ್ ಅಳತೆ ನಾವು 1280×720 ಪಿಕ್ಸೆಲ್ ಇಟ್ಕೊಳ್ತೀವಿ. ನಾವು ಅದನ್ನ ಲ್ಯಾಪ್‌ಟಾಪ್ ತುಂಬಾ ದೊಡ್ಡದಾಗಿ ನೋಡ್ತಾ ಮಾಡ್ತೀವಿ. ನೋಡೋನಿಗೆ ಅದು ಅಂಗೈಯಲ್ಲಿ, ಕೆಲವು ಸಲ ಬೆಂಕಿಪೊಟ್ಟಣದಷ್ಟು ಕಾಣುತ್ತೆ. ಚಿತ್ರವನ್ನ 160 ಪಿಕ್ಸೆಲ್ ಅಗಲಕ್ಕೆ ಇಳಿಸಿ ನೋಡಿ, ಅಂದ್ರೆ ಎಂಟನೇ ಒಂದು ಭಾಗ. 120 ಪಿಕ್ಸೆಲ್ ಎತ್ತರ ಇದ್ದ ಅಕ್ಷರ 15ಕ್ಕೆ ಬರುತ್ತೆ. ಇಂಗ್ಲಿಷ್ ದೊಡ್ಡಕ್ಷರ ಆದ್ರೆ 15 ಪಿಕ್ಸೆಲ್‌ನಲ್ಲೂ ಓದಬಹುದು. ಕನ್ನಡದಲ್ಲಿ ಆ ಎತ್ತರದೊಳಗೇ ಅಕ್ಷರ, ಅದರ ಕೆಳಗೆ ಒತ್ತು, ಪಕ್ಕಕ್ಕೆ ದೀರ್ಘ ಎಲ್ಲ ಕೂರಬೇಕು. ಒತ್ತಕ್ಷರಕ್ಕೆ ಉಳಿಯೋದು ಏಳೆಂಟು ಪಿಕ್ಸೆಲ್, ಅದು ಚುಕ್ಕೆ ಆಗಿಹೋಗುತ್ತೆ. ಆದ್ದರಿಂದ ಒತ್ತು ಕಡಿಮೆ ಇರೋ ಪದ ತಂಬ್‌ನೇಲ್‌ಗೆ, ಒತ್ತು ಜಾಸ್ತಿ ಇರೋದು ಟೈಟಲ್‌ಗೆ. ಎರಡು ಸಾಲು ಬರೆದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗದ ಹಾಗೆ ನಡುವೆ ಜಾಗ ಬಿಡಿ. ಬಲಗಡೆ ಕೆಳಮೂಲೆಯಲ್ಲಿ ಏನೂ ಬರೀಬೇಡಿ, ಅಲ್ಲಿ ವಿಡಿಯೋದ ಅವಧಿ ಬಂದು ಕೂರುತ್ತೆ. ಫಾಂಟ್ ವಿಷಯಕ್ಕೆ ಬಂದ್ರೆ, ಅನೇಕ್ ಕನ್ನಡ ಮತ್ತು ಬಾಲೂ ತಮ್ಮ ಎರಡೂ ಉಚಿತ, ಎರಡರಲ್ಲೂ ದಪ್ಪ ಅಕ್ಷರ ಸಿಗುತ್ತೆ.

ಟೈಟಲ್‌ಗೂ ಒಂದು ಲೆಕ್ಕ ಇದೆ. ಯೂಟ್ಯೂಬ್ ಟೈಟಲ್‌ಗೆ 100 ಕ್ಯಾರೆಕ್ಟರ್ ಮಿತಿ. ನಾವು ನೂರು ಅಕ್ಷರ ಅಂದ್ಕೊಂಡಿದ್ವಿ. ಆದ್ರೆ ಯೂನಿಕೋಡ್‌ನಲ್ಲಿ ಕಾಗುಣಿತದ ಗುರುತು, ಒತ್ತು ಮಾಡೋ ವಿರಾಮ ಚಿಹ್ನೆ ಎಲ್ಲ ಒಂದೊಂದು ಕ್ಯಾರೆಕ್ಟರ್. ಪೈಥಾನ್‌ನಲ್ಲಿ ನೋಡಿ:

```python
len("ಹುಣಸೂರು")       # 7
len("ಪಿರಿಯಾಪಟ್ಟಣ")    # 11
```

ಹುಣಸೂರು ನಾಲ್ಕಕ್ಷರ, ಎಣಿಕೆ 7. ಪಿರಿಯಾಪಟ್ಟಣ ಆರಕ್ಷರ, ಎಣಿಕೆ 11. ಅಂದ್ರೆ ನೂರರ ಮಿತಿ ಕನ್ನಡಕ್ಕೆ ಬರೋ ಹೊತ್ತಿಗೆ ಸುಮಾರು ಅರ್ಧಕ್ಕೆ ಇಳಿದಿರುತ್ತೆ. ನಮ್ಮ ಬ್ಯಾರನ್ ಟೈಟಲ್ 54 ಆಯ್ತು. ಫೋನಲ್ಲಿ ಟೈಟಲ್ ಒಂದೆರಡು ಸಾಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಕತ್ತರಿಸಿ ಹೋಗೋದರಿಂದ, ತಂಬ್‌ನೇಲ್ ಜೊತೆ ಜೋಡಿಯಾಗಬೇಕಾದ ಮಾತು ಮೊದಲೇ ಬರಬೇಕು. ‘ಶಾಖ ಯಾವಾಗ ಏರಿಸ್ಬೇಕು’ ಅನ್ನೋದು ಕೊನೆಗಿದ್ದು ಕತ್ತರಿಸಿ ಹೋದ್ರೆ ‘ಇನ್ನೂ ಬೇಡ’ ಅನಾಥ. ಊರಿನ ಹೆಸರು ಕತ್ತರಿಸಿ ಹೋದ್ರೂ ಹುಡುಕಾಟಕ್ಕೆ ಅದು ಇದ್ದೇ ಇರುತ್ತೆ, ಹಾಗಾಗಿ ಅದನ್ನ ಕೊನೆಗೆ ಇಟ್ವಿ.

ಉಳಿದ ಮೂರು ತಾಲ್ಲೂಕು

ಸೂತ್ರ ಎಲ್ಲ ಕಡೆ ಒಂದೇ ಥರ ಕೂರಲ್ಲ ಅಂತ ಮುಂದಿನ ವಿಡಿಯೋಗಳಲ್ಲಿ ಗೊತ್ತಾಯ್ತು.

ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿ ಧುಮ್ಮಿಕ್ಕೋ ಜಲಪಾತದ ಪಕ್ಕದಲ್ಲೇ ಕೋದಂಡರಾಮ ದೇವಸ್ಥಾನ ಇದೆ. ಹೊರಗೆ ಅಷ್ಟು ಭೋರ್ಗರೆಯೋ ನೀರಿನ ಸದ್ದು ಗರ್ಭಗುಡಿಯೊಳಗೆ ಕೇಳಲ್ಲ ಅಂತ ಪ್ರತೀತಿ. ಫೋಟೋದಲ್ಲಿ ಜಲಪಾತ, ಮೇಲೆ ‘ಸದ್ದೇ ಇಲ್ಲ’, ಟೈಟಲ್ ‘ಚುಂಚನಕಟ್ಟೆ ಜಲಪಾತದ ಪಕ್ಕದ ಕೋದಂಡರಾಮ ದೇವಸ್ಥಾನ’. ಇಲ್ಲಿ ತಂಬ್‌ನೇಲ್‌ನ ಮಾತು ಜಗಳ ಆಡ್ತಿರೋದು ಟೈಟಲ್ ಜೊತೆ ಅಲ್ಲ, ಫೋಟೋ ಜೊತೆ. ನೀರು ಸುರೀತಿದೆ, ಸದ್ದಿಲ್ಲ ಅಂತಿದ್ದಾರಲ್ಲ ಅಂತ ಜನ ಕೆಳಗೆ ಓದ್ತಾರೆ.

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ದಸರಾ ಆನೆಗಳ ಗಜಪಯಣ ಹೊರಡುತ್ತೆ. ಪೂಜೆ ಆದ ಮೇಲೆ ಆನೆಗಳು ಮೈಸೂರಿಗೆ ಬರೋದು ಲಾರಿಯಲ್ಲಿ. ಲಾರಿ ಮೇಲೆ ನಿಂತ ಆನೆಯ ಫೋಟೋ ಮೇಲೆ ನಾವು ‘ಲಾರಿಯಲ್ಲಿ ಆನೆ!’ ಅಂತ ಬರೆದಿದ್ವಿ. ಟೈಟಲ್ ಜೊತೆ ‘ಆನೆ’ ಬಿಟ್ಟು ಬೇರೆ ಯಾವ ಪದವೂ ಪುನರಾವರ್ತನೆ ಆಗಿರಲಿಲ್ಲ. ಆದ್ರೂ ಏನೋ ಸರಿಯಿಲ್ಲ ಅನ್ನಿಸ್ತಿತ್ತು. ಆಮೇಲೆ ಹೊಳೀತು, ಲಾರಿಯೂ ಕಾಣ್ತಿದೆ, ಆನೆಯೂ ಕಾಣ್ತಿದೆ, ನಾವು ಚಿತ್ರವನ್ನೇ ಓದಿ ಹೇಳ್ತಿದ್ದೀವಿ. ಅಕ್ಷರ ಪೂರ್ತಿ ಅಳಿಸಿದ್ವಿ. ಬರೀ ಫೋಟೋ, ಕೆಳಗೆ ಟೈಟಲ್: ‘ದಸರಾ ಆನೆಗಳು ಮೈಸೂರಿಗೆ ಹೋಗೋದು ಹೇಗೆ? | ವೀರನಹೊಸಹಳ್ಳಿ’. ಚಿತ್ರ ತಾನೇ ಮಾತಾಡ್ತಿದ್ರೆ ತಂಬ್‌ನೇಲ್‌ಗೆ ಅಕ್ಷರ ಬೇಕಾಗೇ ಇಲ್ಲ.

ಎಚ್.ಡಿ. ಕೋಟೆಯ ಕಬಿನಿಯಲ್ಲಿ ಎಡವಿದ್ದು ಅಂಕಿಯಿಂದ. ಜಲಾಶಯ ತುಂಬಿದಾಗ ತಂಬ್‌ನೇಲ್ ಮೇಲೆ ‘2284 ಅಡಿ!’ ಅಂತ ಹಾಕಿ, ಟೈಟಲ್ ‘ಕಬಿನಿ ಡ್ಯಾಂ ತುಂಬಿತು’ ಅಂತ ಇಟ್ವಿ. 2284 ಅಡಿ ಅನ್ನೋದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ ಗರಿಷ್ಠ ನೀರಿನ ಮಟ್ಟ. ಬೆಂಗಳೂರಿನ ಕ್ಲಾಸ್‌ಮೇಟ್ ಒಬ್ಬಳು “ಅಷ್ಟು ಆಳನಾ?” ಅಂತ ಕೇಳಿದಾಗ ತಪ್ಪು ಗೊತ್ತಾಯ್ತು. ಊರಿನವರಿಗೆ ದಿನಾ ಪೇಪರಲ್ಲಿ ನೋಡೋ ಅಂಕಿ, ಹೊರಗಿನವರಿಗೆ ಸುಳ್ಳು. ಇಲ್ಲಿ ಪುನರಾವರ್ತನೆ ಬೇಡ ಅನ್ನೋ ಹಟ ಬಿಟ್ಟು ‘ಮಟ್ಟ’ ಅನ್ನೋ ಪದವನ್ನ ಎರಡೂ ಕಡೆ ಇಟ್ವಿ: ಮೇಲೆ ‘ಮಟ್ಟ 2284’, ಕೆಳಗೆ ‘ಕಬಿನಿ ನೀರಿನ ಮಟ್ಟವನ್ನ ಸಮುದ್ರದಿಂದ ಯಾಕೆ ಅಳೀತಾರೆ?’ ಎರಡನ್ನೂ ಒಟ್ಟಿಗೆ ಹಿಡಿದಿಡೋ ಒಂದು ಪದ ಎರಡು ಸಲ ಬಂದ್ರೆ ತಪ್ಪಿಲ್ಲ. ಇಡೀ ವಾಕ್ಯ ಬಂದ್ರೆ ತಪ್ಪು.

ನಂಬರ್ ನೋಡುವಾಗ

ಯಾವ ಜೋಡಿ ಚೆನ್ನಾಗಿದೆ ಅಂತ ನೋಡೋಕೆ ಎಲ್ಲರೂ ಮೊದಲು ತೆಗೆಯೋದು ಕ್ಲಿಕ್ ಪ್ರಮಾಣ. ತಂಬ್‌ನೇಲ್ ಪರದೆ ಮೇಲೆ ಅರ್ಧಕ್ಕಿಂತ ಕಡಿಮೆಯಿಲ್ಲದೆ, ಒಂದು ಸೆಕೆಂಡಿಗಿಂತ ಹೆಚ್ಚು ಕಂಡ್ರೆ ಒಂದು ಇಂಪ್ರೆಷನ್. ನೂರು ಇಂಪ್ರೆಷನ್‌ಗೆ ಐದು ಜನ ಒತ್ತಿದ್ರೆ 5%. ಅರ್ಧದಷ್ಟು ಚಾನಲ್‌ಗಳದ್ದು 2%ರಿಂದ 10% ನಡುವೆ ಇರುತ್ತೆ ಅಂತ ಯೂಟ್ಯೂಬೇ ಹೇಳುತ್ತೆ.

ಆದ್ರೆ ನಮ್ಮಂಥ ಚಿಕ್ಕ ಚಾನಲ್‌ಗೆ ಇದು ಬೇಗ ಮೋಸ ಮಾಡುತ್ತೆ. ವಾಟ್ಸಾಪ್ ಲಿಂಕ್‌ನಿಂದ ಬಂದವರು ಇಂಪ್ರೆಷನ್ ಲೆಕ್ಕಕ್ಕೆ ಬರೋದೇ ಇಲ್ಲ, ನಮ್ಮ ನೋಡುಗರಲ್ಲಿ ಹೆಚ್ಚಿನವರು ಬರೋದು ಅಲ್ಲಿಂದಲೇ. ಮತ್ತೆ ಪ್ರಾಬಬಿಲಿಟಿ ಕ್ಲಾಸ್ ನೆನಪಿಸಿಕೊಳ್ಳಿ: 100 ಇಂಪ್ರೆಷನ್, 5% ಅಂದ್ರೆ ಸ್ಟ್ಯಾಂಡರ್ಡ್ ಎರರ್ √(0.05×0.95/100), ಸುಮಾರು 2.2%. ಹಾಗಾಗಿ ನಿನ್ನೆ 4% ಇದ್ದದ್ದು ಇವತ್ತು 6% ಆದ್ರೆ ಅದು ತಂಬ್‌ನೇಲ್ ಮಹಿಮೆ ಅಂತ ಹೇಳೋಕೆ ಬರಲ್ಲ. 10,000 ಇಂಪ್ರೆಷನ್ ಆದ್ರೆ ಅದೇ ಎರರ್ 0.22%ಗೆ ಇಳಿಯುತ್ತೆ, ಆಗ ನಂಬಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲೇ ಮೂರು ತಂಬ್‌ನೇಲ್‌ವರೆಗೆ ಹೋಲಿಸಿ ನೋಡೋ ಸೌಲಭ್ಯ ಇದೆ. ಅದು ಗೆದ್ದದ್ದನ್ನ ಆರಿಸೋದು ಕ್ಲಿಕ್ ನೋಡಿ ಅಲ್ಲ, ಜನ ನೋಡಿದ ಸಮಯದಲ್ಲಿ ಯಾವುದರ ಪಾಲು ಹೆಚ್ಚು ಅಂತ. ‘ಬೆಂಕಿ ಬಿತ್ತಾ?’ ಥರದ್ದು ಗೆಲ್ಲದೆ ಇರೋಕೆ ಅದು ಒಳ್ಳೇ ಅಳತೆ.

ಅಷ್ಟು ಇಂಪ್ರೆಷನ್ ಬರೋವರೆಗೆ ನಮ್ಮ ಅಳತೆ ಹಾಸ್ಟೆಲ್ ಕಾರಿಡಾರು. ಫೋನಲ್ಲಿ ತಂಬ್‌ನೇಲ್ ಮತ್ತು ಟೈಟಲ್ ತೋರಿಸಿ, ಎರಡು ಸೆಕೆಂಡ್ ಆದ ಮೇಲೆ ಫೋನ್ ತಿರುಗಿಸಿ ಒಂದೇ ಪ್ರಶ್ನೆ ಕೇಳ್ತೀವಿ: “ವಿಡಿಯೋದಲ್ಲಿ ಏನಿರುತ್ತೆ ಅಂದ್ಕೊಂಡೆ?” ಹೇಳಿದ್ದು ವಿಡಿಯೋದಲ್ಲಿ ಇರೋದಕ್ಕೆ ಹೊಂದಿದ್ರೆ ಅಪ್‌ಲೋಡ್. ಇಲ್ಲದಿದ್ರೆ ಮತ್ತೆ ಕೂರ್ತೀವಿ. ಈ ಒಂದು ಪ್ರಶ್ನೆಯನ್ನ ಮೊದಲೇ ಯಾರಿಗಾದ್ರೂ ಕೇಳಿದ್ರೆ ಚಿಕ್ಕಪ್ಪನ ಬ್ಯಾರನ್ ಸುಟ್ಟಿಲ್ಲ ಅಂತ ಊರಿಗೆಲ್ಲ ಹೇಳೋ ಕೆಲಸ ತಪ್ಪುತ್ತಿತ್ತು.

ಫೆಸ್ಟ್‌ಗೆ ಅಂತ ನಿಮ್ಮ ಕ್ಲಬ್ಬಿನವರು ವಿಡಿಯೋ ಮಾಡಿದ್ರೆ ಅಪ್‌ಲೋಡ್ ಮಾಡೋ ಹಿಂದಿನ ದಿನ ನಮ್ಮ ಕಾರಿಡಾರಿಗೆ ಬನ್ನಿ. ಎರಡು ಸೆಕೆಂಡ್ ತೋರಿಸಿ, ನಮಗೆ ಏನನ್ನಿಸ್ತು ಅಂತ ಹೇಳ್ತೀವಿ.